ಸಹಾಯ ಬೇಕು: ಬಾಗಲಕೋಟೆ ಪ್ರವಾಸೋದ್ಯಮ ಚಿತ್ರ, ನಡುವೆ ಕಥೆ ನಿಂತುಹೋಗುತ್ತಿದೆ

ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಬಗ್ಗೆ 8 ನಿಮಿಷದ ಚಿತ್ರ ಮಾಡುತ್ತಿದ್ದೇನೆ. ಮೊದಲ ಎಡಿಟ್‌ನಲ್ಲಿ 14 ಜಾಗ ಇದ್ದವು. ಒಂದೊಂದಕ್ಕೆ ಅರ್ಧ ನಿಮಿಷ, ಎಲ್ಲದಕ್ಕೂ ಡ್ರೋನ್ ಶಾಟ್. ಮನೆಯವರಿಗೆ ತೋರಿಸಿ ಏನು ನೆನಪಿದೆ ಅಂತ ಕೇಳಿದೆ. "ದೇವಸ್ಥಾನ ಚೆನ್ನಾಗಿತ್ತು" ಅಂದರು. ಯಾವುದು ಅಂದರೆ ಗೊತ್ತಿಲ್ಲ!

ಈಗ ಎಲ್ಲ ಬಿಚ್ಚಿ ಒಂದೇ ಪಯಣ ಮಾಡಿದ್ದೇನೆ. ಒಬ್ಬ ಅಜ್ಜಿ, ಮೊಮ್ಮಗಳು. ಬಾದಾಮಿಯಿಂದ ಹೊರಟು ಕೂಡಲಸಂಗಮ ಮುಟ್ಟಬೇಕು. ಬನಶಂಕರಿಯಲ್ಲಿ ಬುಟ್ಟಿ ಹೊತ್ತ ಹೆಂಗಸರ ಹತ್ತಿರ ರೊಟ್ಟಿ, ಮೊಸರು ಕಟ್ಟಿಸಿಕೊಳ್ಳುತ್ತಾರೆ. ಆ ಬುತ್ತಿ ಬಿಚ್ಚುವುದು ಪಟ್ಟದಕಲ್ಲಿನ ಹೊಳೆದಂಡೆಯಲ್ಲಿ. ಅಲ್ಲಿಂದ ಮಲಪ್ರಭೆಯೇ ದಾರಿ. ಐಹೊಳೆ ದಾಟಿ, ಕೊನೆಗೆ ಹೊಳೆ ಕೃಷ್ಣೆಗೆ ಸೇರುವಲ್ಲಿ ಚಿತ್ರ ಮುಗಿಯುತ್ತದೆ. ಇಳಕಲ್, ಗುಳೇದಗುಡ್ಡಕ್ಕೆ ಹೋಗಿಲ್ಲ. ಅಜ್ಜಿ ಉಟ್ಟಿದ್ದು ಇಳಕಲ್ ಸೀರೆ, ತೊಟ್ಟಿದ್ದು ಗುಳೇದಗುಡ್ಡ ಖಣದ ಕುಪ್ಪಸ. ಸೆರಗಿನ ಒಂದು ಕ್ಲೋಸಪ್ ಸಾಕು ಅಲ್ವಾ?

ತೊಂದರೆ ಇರೋದು ನಡುವೆ. ಪಟ್ಟದಕಲ್ಲು, ಐಹೊಳೆ ಬೆನ್ನುಬೆನ್ನಿಗೆ ಬಂದಾಗ ಎರಡೂ ಒಂದೇ ಥರ ಕಾಣುತ್ತವೆ. ಕಲ್ಲು, ಕಂಬ, ಮತ್ತೆ ಕಲ್ಲು. ಪಟ್ಟದಕಲ್ಲಿನಲ್ಲಿ ಬರೀ ವಿರೂಪಾಕ್ಷ ಗುಡಿ ಇಟ್ಟುಕೊಂಡು, ಐಹೊಳೆಯಲ್ಲಿ ಗುಡಿಗಳಿಗೆ ಅಂಟಿಕೊಂಡ ಊರಿನ ಓಣಿಗಳನ್ನೇ ಜಾಸ್ತಿ ತೋರಿಸೋಣ ಅನ್ನಿಸುತ್ತಿದೆ. ದುರ್ಗ ಗುಡಿ ಬಿಟ್ಟರೆ ಚಿತ್ರ ಮಾಡಿಸುತ್ತಿರುವವರು ಸುಮ್ನೆ ಇರಲ್ಲ. ಈ ಜಾಗದಲ್ಲಿ ನೀವಾಗಿದ್ದರೆ ಏನು ಕತ್ತರಿಸುತ್ತಿದ್ದಿರಿ?