ಥಿಯೋಫಿಲಿನ್ ಗ್ರಾಫ್ 20 ದಾಟಿ ಏರ್ತಾನೇ ಇದೆ, ಡೋಸ್ ಅಂತರದ ಲೆಕ್ಕ ಎಲ್ಲಿ ತಪ್ಪಿದೆ?

ವಿರಾಜಪೇಟೆ_ಮೇಷ್ಟ್ರು

ದ್ವಿತೀಯ ಪಿಯುಸಿ ಮಕ್ಕಳಿಗೆ ಘಾತೀಯ ಇಳಿಕೆ ಹೇಳಿಕೊಡೋಕೆ ಒಂದು ಹೊಸ ಉದಾಹರಣೆ ಹುಡುಕ್ತಿದ್ದೆ. ಮಗಳು ಫಾರ್ಮಸಿ ಓದ್ತಿದ್ದಾಳೆ, ಅವಳ ಪುಸ್ತಕದಲ್ಲಿ ಥಿಯೋಫಿಲಿನ್ ಸಿಕ್ಕಿತು. ಉಬ್ಬಸಕ್ಕೆ ಕೊಡೋ ಹಳೇ ಔಷಧ, ಕಾಫಿಯಲ್ಲಿರೋ ಕೆಫೀನಿಗೆ ಹತ್ತಿರದ ನೆಂಟ. ನಮ್ಮ ಮಕ್ಕಳಿಗೆ ಇಷ್ಟ ಆಗುತ್ತೆ ಅಂತ ಅದನ್ನೇ ಆರಿಸಿಕೊಂಡೆ.

ತಗೊಂಡ ಅಂಕಿಗಳು ಇವು: 60 ಕೆಜಿ ತೂಕದ ಮನುಷ್ಯ, ಔಷಧ ಮೈಯಲ್ಲಿ ಹರಡುವ ಗಾತ್ರ 30 ಲೀಟರ್, ಅರ್ಧಾಯು 8 ಗಂಟೆ. ರಕ್ತದಲ್ಲಿ ಲೀಟರಿಗೆ 10ರಿಂದ 20 ಮಿ.ಗ್ರಾಂ ಇರಬೇಕು. 10ಕ್ಕಿಂತ ಕೆಳಗೆ ಹೋದರೆ ಕೆಲಸ ಮಾಡಲ್ಲ, 20 ದಾಟಿದರೆ ವಿಷ. 600 ಮಿ.ಗ್ರಾಂ ಕೊಟ್ಟರೆ 600/30, ಅಂದರೆ ಸರಿಯಾಗಿ 20. ಅದು 10ಕ್ಕೆ ಇಳಿಯೋಕೆ ಪ್ರೋಗ್ರಾಂ ಪ್ರಕಾರ ಐದೂವರೆ ಗಂಟೆ. ಹಾಗಾಗಿ ಐದೂವರೆ ಗಂಟೆಗೊಮ್ಮೆ ಡೋಸ್ ಇಟ್ಟೆ.

```
from math import exp
k = 1/8
C = 0
for n in range(6):
    C = C + 600/30
    print(n+1, round(C, 1))
    C = C * exp(-k*5.5)
```

ಬಂದಿದ್ದು 20.0, 30.1, 35.1, 37.7, 38.9, 39.6. ಒಂದೇ ಡೋಸಿಗೆ ಕೈಲೆಕ್ಕ ಮಾಡಿದರೆ ಸರಿ ಇದೆ, ಎರಡನೇದರಿಂದಲೇ ಕೆಡ್ತಿದೆ. ಎರಡು ದಿನದಿಂದ ನೋಡ್ತಿದ್ದೀನಿ, ಹಿಡಿಯೋಕೆ ಆಗ್ತಿಲ್ಲ. ಇಲ್ಲಿ ಮಳೆಗೆ ಕರೆಂಟ್ ಹೋಗ್ತಾ ಬರ್ತಾ ಇದೆ, ಉತ್ತರ ತಡವಾದರೆ ಬೇಜಾರು ಮಾಡ್ಕೋಬೇಡಿ.

ಕುಶಾಲನಗರ_ಕೋಡ್

ಸರ್, ತಪ್ಪು ಎರಡನೇ ಸಾಲಿನಲ್ಲಿದೆ. ಅರ್ಧಾಯು 8 ಅಂದ ಮಾತ್ರಕ್ಕೆ k = 1/8 ಆಗಲ್ಲ. ನಿಮ್ಮ ಕೋಡಿನಲ್ಲಿ 8 ಗಂಟೆಗೆ 20 ಇದ್ದದ್ದು 7.4ಕ್ಕೆ ಇಳಿಯುತ್ತೆ, ಅರ್ಧಕ್ಕೆ ಅಲ್ಲ. `log`ನೂ import ಮಾಡಿ `k = log(2)/8` ಹಾಕಿ. ಅಷ್ಟೇ, ಸರಿಹೋಗುತ್ತೆ.

ವಿರಾಜಪೇಟೆ_ಮೇಷ್ಟ್ರು

ತುಂಬಾ ಥ್ಯಾಂಕ್ಸ್. ಗಣಿತ ಮೇಷ್ಟ್ರಾಗಿ ಇದು ನನ್ನ ಕಣ್ಣಿಗೆ ಬೀಳಬೇಕಿತ್ತು. ಆದರೆ ಬದಲಾಯಿಸಿದ ಮೇಲೆ ಇನ್ನೂ ಜಾಸ್ತಿಯಾಯ್ತು: 20.0, 32.4, 40.1, 44.9, 47.9, 49.7. ಈಗ ಏನು?

ಕುಶಾಲನಗರ_ಕೋಡ್

ಹೌದಲ್ಲ. ಇಳಿಕೆ ಈಗ ನಿಧಾನ ಆಯ್ತು, ಅಂತರ ಅದೇ ಐದೂವರೆ ಉಳೀತು. ಅಂತರ 8 ಮಾಡಿ ನೋಡಿ ಸರ್.

ವಿರಾಜಪೇಟೆ_ಮೇಷ್ಟ್ರು

8 ಮಾಡಿದೆ. 20, 30, 35, 37.5... 40ರ ಹತ್ತಿರ ಹೋಗಿ ನಿಲ್ತಿದೆ.

ಮಂಜಿನ_ಊರು

ಮೇಷ್ಟ್ರೇ, ಕುಶಾಲನಗರದವರು k ಬಗ್ಗೆ ಹೇಳಿದ್ದು ಸರಿ. ಅಂತರ 8 ಅಂದಿದ್ದೂ ಸರಿ. ಉಳಿದಿರೋ ತಪ್ಪು ಕೋಡಿನಲ್ಲಿಲ್ಲ, 600ರಲ್ಲಿದೆ. (ಮಡಿಕೇರಿಯವಳು, ಫಾರ್ಮಸಿ ಮಕ್ಕಳಿಗೆ ಇದನ್ನೇ 19 ವರ್ಷ ಪಾಠ ಮಾಡಿದ್ದೀನಿ. ಪ್ರತಿ ವರ್ಷ ಅರ್ಧ ಕ್ಲಾಸು ಇಲ್ಲೇ ಎಡವುತ್ತೆ.)

ಮಳೆನೀರಿಗೆ ಸೂರಿನಡಿ ಡ್ರಮ್ ಇಟ್ಟಿದ್ದೀರಿ ಅಂದ್ಕೊಳ್ಳಿ. ತುಂಬಿದ ಡ್ರಮ್ಮು ಸೋರಿ ಅರ್ಧಕ್ಕೆ ಬಂದಿದೆ. ಈಗ ಪೂರ್ತಿ ತುಂಬಿಸೋಕೆ ಇನ್ನೊಂದು ಡ್ರಮ್ ನೀರು ಸುರೀತೀರಾ? ಅರ್ಧ ಡ್ರಮ್ ಸಾಕು. ನಿಮ್ಮ ಎರಡನೇ ಡೋಸ್ ಹೊತ್ತಿಗೆ ರಕ್ತದಲ್ಲಿ 10 ಹಾಗೇ ಉಳಿದಿದೆ. ಅದರ ಮೇಲೆ ಇನ್ನೊಂದು 20 ಹಾಕಿದ್ರಿ, 30 ಆಯ್ತು. ಬೇಕಿದ್ದಿದ್ದು ಕಳೆದುಹೋದ 10 ಮಾತ್ರ. 30 ಲೀಟರಿಗೆ 10 ಅಂದರೆ 300 ಮಿ.ಗ್ರಾಂ.

ಅದಕ್ಕೇ ಅಂತರ ಮತ್ತು ಡೋಸನ್ನು ಬೇರೆ ಬೇರೆಯಾಗಿ ಯೋಚಿಸಬೇಕು, ಅಂತರವನ್ನೇ ಮೊದಲು. ಮೇಲಿನ ಗೆರೆ ಕೆಳಗಿನದರ ಎಷ್ಟು ಪಟ್ಟು ಅನ್ನೋದು ಗೊತ್ತಾದರೆ ಅಂತರಕ್ಕೆ ಸಾಕು:

```
tau = log(20/10)/k
```

20 ಭಾಗ 10 ಅಂದರೆ 2. ಎರಡು ಪಟ್ಟಿನಿಂದ ಒಂದು ಪಟ್ಟಿಗೆ ಇಳಿಯೋಕೆ ಒಂದು ಅರ್ಧಾಯು, 8 ಗಂಟೆ. ಈ ಸೂತ್ರದಲ್ಲಿ ಡೋಸ್ ಎಲ್ಲೂ ಇಲ್ಲ ನೋಡಿ. ಮಾತ್ರೆ ಎಷ್ಟು ದೊಡ್ಡದು ಮಾಡಿದರೂ ಎರಡು ಗೆರೆಗಳ ನಡುವೆ 8 ಗಂಟೆಗಿಂತ ಹೆಚ್ಚು ಕಾಲ ನಿಲ್ಲಿಸೋಕೆ ಆಗಲ್ಲ. ಅಂತರ ನಿಂತ ಮೇಲೆ ಡೋಸ್: ಗೆರೆಗಳ ನಡುವಿನ ದೂರ 10, ಗುಣಿಸು 30 ಲೀಟರ್, 300.

ನಿಮ್ಮ 600 ಪೂರ್ತಿ ತಪ್ಪೂ ಅಲ್ಲ. ಖಾಲಿ ಡ್ರಮ್ಮಿಗೆ ಅದು ಸರಿ, ಮೊದಲನೇ ಸಲಕ್ಕೆ ಮಾತ್ರ. ಆಮೇಲೆ 8 ಗಂಟೆಗೊಮ್ಮೆ 300 ಕೊಟ್ಟರೆ 20ಕ್ಕೆ ಏರಿ 10ಕ್ಕೆ ಇಳಿದು ಹಾಗೇ ಸಾಗುತ್ತೆ. ಮೊದಲಿಂದಲೂ 300 ಮಾತ್ರ ಕೊಟ್ಟರೆ ಡೋಸ್ ಕೊಟ್ಟ ಕೂಡಲೇ 10, 15, 17.5, 18.75 ಹೀಗೆ ಮೆಲ್ಲಗೆ ಅದೇ ಜಾಗಕ್ಕೆ ಬರುತ್ತೆ, ಒಂದೂವರೆ ದಿನ ಹಿಡಿಯುತ್ತೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ಮಕ್ಕಳಿಗೆ ತೋರಿಸಿ.

ಗೋಣಿಕೊಪ್ಪ_77

ಇದನ್ನು ಓದಿ ನನಗೊಂದು ಡೌಟು. ನನಗೆ ದಿನಕ್ಕೆ ಮೂರು ಸಲ ಆಂಟಿಬಯೋಟಿಕ್ ಕೊಟ್ಟಿದ್ದಾರೆ. ಮಧ್ಯಾಹ್ನ ತೋಟದಲ್ಲಿರ್ತೀನಿ, ಮರೆತೇ ಹೋಗುತ್ತೆ. ಡ್ರಮ್ ಲೆಕ್ಕದಲ್ಲಿ ಎಷ್ಟು ಸೋರಿತೋ ಅಷ್ಟು ತುಂಬಿಸಬೇಕು ತಾನೇ, ರಾತ್ರಿ ಎರಡು ಒಟ್ಟಿಗೆ ತಗೊಂಡರೆ ಸರಿ ಅಲ್ವಾ?

ಮಂಜಿನ_ಊರು

ಬೇಡ. ಮೇಷ್ಟ್ರು ಕೇಳಿದ್ದು ಥಿಯೋಫಿಲಿನ್ ಬಗ್ಗೆ, ನಿಮ್ಮ ಔಷಧದ ಅರ್ಧಾಯು ಬೇರೆ, ಗೆರೆಗಳೂ ಬೇರೆ. ಎರಡು ಒಟ್ಟಿಗೆ ನುಂಗಿದರೆ ಆ ಕ್ಷಣದ ಏರಿಕೆ ಎರಡರಷ್ಟಾಗುತ್ತೆ, ಮಧ್ಯಾಹ್ನ ಖಾಲಿ ಹೋದ ಹೊತ್ತು ವಾಪಸ್ ಬರಲ್ಲ. ಚೀಟಿ ಬರೆದ ಡಾಕ್ಟರಿಗೋ ಮೆಡಿಕಲ್ ಶಾಪಿನವರಿಗೋ ಫೋನ್ ಮಾಡಿ ಕೇಳಿ, ಮಧ್ಯಾಹ್ನದ ಮಾತ್ರೆಯನ್ನು ಬುತ್ತಿ ಜೊತೆ ಕಟ್ಟಿಕೊಂಡು ಹೋಗಿ.

ಕುಶಾಲನಗರ_ಕೋಡ್

ಮೇಡಂ, ಹಾಗಾದರೆ 8 ಗಂಟೆಯೇ ಬೆಸ್ಟ್ ಅಂತರ ಅಂತಲಾ?

ಮಂಜಿನ_ಊರು

8 ಅನ್ನೋದು ಗರಿಷ್ಠ. ಅಲ್ಲಿ ಎರಡೂ ಗೆರೆ ಮುಟ್ಟುತ್ತೆ, ಆಚೀಚೆ ಜಾಗವೇ ಇಲ್ಲ. ಎರಡು ಗಂಟೆ ತಡವಾದರೆ 8.4ಕ್ಕೆ ಇಳಿಯುತ್ತೆ. ದಿನದ ಒಟ್ಟು ಔಷಧ ಅಷ್ಟೇ ಇಟ್ಟು 6 ಗಂಟೆಗೊಮ್ಮೆ 225 ಮಾಡಿದರೆ ಕೊನೆಗೆ 18.5 ಮತ್ತು 11ರ ನಡುವೆ ಆಡುತ್ತೆ. ಎರಡೂ ಕಡೆ ಉಸಿರಾಡೋಕೆ ಜಾಗ ಸಿಗುತ್ತೆ. ಆದರೆ ರಾತ್ರಿ 12ಕ್ಕೆ ರೋಗಿಯನ್ನು ಎಬ್ಬಿಸಬೇಕು. ನಾನು 6ರ ಕಡೆ. ನಿದ್ದೆ ಕೆಟ್ಟರೆ ಉಬ್ಬಸದವರಿಗೆ ಇನ್ನೂ ತೊಂದರೆ ಅಂತ ನನ್ನ ಜೊತೆ ವಾದ ಮಾಡಿದವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕೋಕೆ ನನಗೆ ಆಗಿಲ್ಲ.

ಸಿದ್ದಾಪುರ_ರೋಬಸ್ಟಾ

ಮೇಡಂ, ಈ ಔಷಧದ ಹೆಸರು ನೋಡಿ ಬರೀತಿದ್ದೀನಿ. ನಮ್ಮಪ್ಪ ವರ್ಷಗಳಿಂದ ಇದೇ ಮಾತ್ರೆ ತಗೊಳ್ತಿದ್ದಾರೆ. ಮೊದಲಿಂದ ಬೀಡಿ ಸೇದುತ್ತಿದ್ದರು. ಹೋದ ತಿಂಗಳು ಮೊಮ್ಮಗಳು ಹಟ ಹಿಡಿದಳು ಅಂತ ಒಂದೇ ದಿನಕ್ಕೆ ಬಿಟ್ಟುಬಿಟ್ಟರು. ಎಲ್ಲರಿಗೂ ಖುಷಿ. ಸುಮಾರು ಹತ್ತು ದಿನಕ್ಕೆ ವಾಂತಿ ಶುರುವಾಯ್ತು, ಕೈ ನಡುಕ, ಎದೆ ಡವಡವ ಅಂತ ಹೊಡೆದುಕೊಳ್ಳೋದು. ಲೋಟ ಹಿಡಿದರೆ ಕಾಫಿ ತಟ್ಟೆಗೆ ಚೆಲ್ಲುತ್ತಿತ್ತು. ಬೀಡಿ ಬಿಟ್ಟಿದ್ದಕ್ಕೇ ಹೀಗಾಗಿದೆ, ಮತ್ತೆ ಎರಡು ಸೇದಲಿ ಅಂತ ಪಕ್ಕದ ಮನೆಯವರು ಹೇಳಿದರು. ಆಸ್ಪತ್ರೆಗೆ ಕರ್ಕೊಂಡು ಹೋದೆವು, ಮಾತ್ರೆ ನಿಲ್ಲಿಸಿ ಮೂರು ದಿನ ಇಟ್ಟುಕೊಂಡರು. ಯಾಕೆ ಅಂತ ನಮಗೆ ಅರ್ಥ ಆಗುವ ಹಾಗೆ ಯಾರೂ ಹೇಳಲಿಲ್ಲ. ಡೋಸ್ ಬದಲಾಗಿರಲೇ ಇಲ್ಲ, ಅದೇ ಮಾತ್ರೆ, ಅದೇ ಹೊತ್ತು.

ಮಂಜಿನ_ಊರು

ಅಪ್ಪ ಈಗ ಹುಷಾರಾಗಿದ್ದಾರೆ ಅಂದ್ಕೊಳ್ತೀನಿ. ಡೋಸ್ ಬದಲಾಗಲಿಲ್ಲ, ಆದರೆ k ಬದಲಾಗಿರಬಹುದು.

ಹೊಗೆ ಲಿವರ್‌ನಲ್ಲಿ ಥಿಯೋಫಿಲಿನ್ ಕರಗಿಸೋ ಕಿಣ್ವವನ್ನು ಹೆಚ್ಚಿಸುತ್ತೆ. ಕೆಫೀನನ್ನು ಕರಗಿಸೋದೂ ಅದೇ ಕಿಣ್ವ. ಹಾಗಾಗಿ ಸೇದುವವರಲ್ಲಿ ಅರ್ಧಾಯು 4-5 ಗಂಟೆಗೆ ಇಳಿದಿರುತ್ತೆ. 4 ಅಂತಲೇ ಇಟ್ಟುಕೊಂಡು ಮೇಷ್ಟ್ರ ಮನುಷ್ಯನ ಮೇಲೆ ಲೆಕ್ಕ ಮಾಡೋಣ. ಅವನು ಸೇದುತ್ತಿದ್ದರೆ 10 ಮತ್ತು 20ರ ನಡುವೆ ಇಡೋಕೆ 4 ಗಂಟೆಗೊಮ್ಮೆ 300 ಬೇಕು. ಅವನು ಸೇದೋದು ಬಿಟ್ಟ, ಅರ್ಧಾಯು ಮೆಲ್ಲಗೆ 8ಕ್ಕೆ ವಾಪಸ್ ಬಂತು, ಡೋಸ್ ಮಾತ್ರ ಹಾಗೇ ಮುಂದುವರಿಯಿತು. 4 ಗಂಟೆಯಲ್ಲಿ ಈಗ ಉಳಿಯೋ ಪಾಲು ಅರ್ಧ ಅಲ್ಲ, 0.707:

```
10/(1 - 0.707) = 34.1
```

ತುದಿ 34, ತಳವೇ 24. ದಿನದಲ್ಲಿ ಒಂದು ಕ್ಷಣವೂ 20ರ ಒಳಗಿಲ್ಲ. ಆ ಕಿಣ್ವ ಇಳಿಯೋಕೆ ಕೆಲವು ದಿನ ಬೇಕು, ಆಮೇಲೆ ಮಟ್ಟ ಏರಬೇಕು. ನೀವು ಹೇಳಿದ ಹತ್ತು ದಿನ ಇದಕ್ಕೆ ಹೊಂದುತ್ತೆ. ವಾಂತಿ, ನಡುಕ, ಎದೆಬಡಿತ ಈ ಔಷಧ ಹೆಚ್ಚಾದಾಗ ಕಾಣೋ ಲಕ್ಷಣಗಳೇ. ಇನ್ನೂ ಏರಿದರೆ ಫಿಟ್ಸ್ ಬರಬಹುದು. ಸರಿಯಾದ ಹೊತ್ತಿಗೆ ಕರ್ಕೊಂಡು ಹೋಗಿದ್ದೀರಿ.

ಪಕ್ಕದ ಮನೆಯವರ ಮಾತು ಕೇಳಬೇಡಿ. ಬೀಡಿ ಬಿಟ್ಟಿದ್ದು ಒಳ್ಳೇದೇ, ಡೋಸ್ ಇಳಿಸಬೇಕಿತ್ತು. ಈ ಕೆಲಸ ಮಾಡೋದು ಹೊಗೆ, ನಿಕೋಟಿನ್ ಅಲ್ಲ. ಅಪ್ಪ ನಿಕೋಟಿನ್ ಗಮ್ ಅಗಿದರೂ ಆ ಕಿಣ್ವ ಹೆಚ್ಚಾಗಲ್ಲ.

ಒಂದು ಕೇಳಬೇಕು. ಆ ದಿನಗಳಲ್ಲಿ ಬೇರೆ ಯಾವುದಾದರೂ ಔಷಧ ಕೊಟ್ಟಿದ್ದರಾ?

ಸಿದ್ದಾಪುರ_ರೋಬಸ್ಟಾ

ಹೌದು ಮೇಡಂ. ಉರಿಮೂತ್ರ ಅಂತ ಐದು ದಿನ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟಿದ್ದರು. ವಾಂತಿ ಶುರುವಾಗೋಕೆ ಎರಡು ದಿನ ಮುಂಚೆ.

ಮಂಜಿನ_ಊರು

ಹಾಗಾದರೆ ಬೀಡಿಯೊಂದೇ ಕಾರಣ ಅಂತ ಹೇಳೋಕಾಗಲ್ಲ. ಸಿಪ್ರೊಫ್ಲಾಕ್ಸಾಸಿನ್ ಅದೇ ಕಿಣ್ವವನ್ನು ತಡೆಯುತ್ತೆ. ಎರಡೂ ಒಂದೇ ದಿಕ್ಕಿಗೆ ತಳ್ಳಿವೆ. ಯಾವುದು ಎಷ್ಟು ಅಂತ ಬಿಡಿಸಬೇಕಾದರೆ ರಕ್ತದ ಮಟ್ಟದ ರಿಪೋರ್ಟ್ ಬೇಕು, ರಕ್ತ ತೆಗೆದ ಹೊತ್ತೂ ಕೊನೇ ಮಾತ್ರೆಯ ಹೊತ್ತೂ ಬೇಕು. ಹೊತ್ತು ಬರೆಯದ 15 ಅನ್ನೋ ಅಂಕಿಯಿಂದ ಏನೂ ಗೊತ್ತಾಗಲ್ಲ, ಅದು ಏರಿದಾಗಿನದೋ ಇಳಿದಾಗಿನದೋ ತಿಳಿಯಲ್ಲ.

ಇಲ್ಲಿನ 34, 24 ಎಲ್ಲ ಮೇಷ್ಟ್ರ ಕ್ಲಾಸಿನ ಮನುಷ್ಯನದು. ಅಪ್ಪನ ಮಾತ್ರೆ ಎಷ್ಟು ಅನ್ನೋದನ್ನು ಅವರ ಡಾಕ್ಟರೇ ತೀರ್ಮಾನಿಸಬೇಕು. ಬೀಡಿ ಬಿಟ್ಟ ತಾರೀಖು, ಸಿಪ್ರೊಫ್ಲಾಕ್ಸಾಸಿನ್ ಶುರು ಮಾಡಿದ ತಾರೀಖು ಎರಡನ್ನೂ ಚೀಟಿಯಲ್ಲಿ ಬರೆದು ತಗೊಂಡು ಹೋಗಿ.

ವಿರಾಜಪೇಟೆ_ಮೇಷ್ಟ್ರು

ಈಗಷ್ಟೇ ಕರೆಂಟ್ ಬಂತು, ಎಲ್ಲ ಓದಿದೆ. 600, ಆಮೇಲೆ 300, 8 ಗಂಟೆ ಅಂತರ ಹಾಕಿ ಓಡಿಸಿದೆ. ಪ್ರತಿ ಡೋಸಿಗೂ ಮೇಲೆ 20.0, ಕೆಳಗೆ 10.0. ಬೀಡಿಯ ಲೆಕ್ಕವನ್ನೂ ಸೇರಿಸ್ತೀನಿ, ನಡುವೆ k ಬದಲಾಯಿಸಿದರೆ ಏನಾಗುತ್ತೆ ಅಂತ ಮಕ್ಕಳೇ ಕಂಡುಹಿಡೀಲಿ.

ಒಂದು ಉಳೀತು. ಮಾತ್ರೆ ನುಂಗಿದ ಕ್ಷಣವೇ ರಕ್ತದಲ್ಲಿ 20 ಆಗಲ್ಲ ಅಲ್ವಾ? ಹೊಟ್ಟೆಯಿಂದ ಹೀರಿಕೊಳ್ಳೋಕೆ ಹೊತ್ತು ಬೇಕು.

ಮಂಜಿನ_ಊರು

ಸರಿಯಾದ ಪ್ರಶ್ನೆ. ನಿಮ್ಮ ಕೋಡು ನರಕ್ಕೆ ಒಮ್ಮೆಲೇ ಕೊಟ್ಟ ಹಾಗೆ ಲೆಕ್ಕ ಹಾಕ್ತಿದೆ. ನಿಜವಾಗಿ ನರಕ್ಕೆ ಕೊಡುವಾಗಲೂ ಈ ಔಷಧವನ್ನು ಮೆಲ್ಲಗೆ ಹರಿಸ್ತಾರೆ. ಮಾತ್ರೆಗಾದರೆ ಹೀರಿಕೊಳ್ಳುವ ವೇಗಕ್ಕೆ ಇನ್ನೊಂದು ಘಾತೀಯ ಪದ ಸೇರಿಸಬೇಕು. ತುದಿ ತಗ್ಗುತ್ತೆ, ತಡವಾಗಿ ಬರುತ್ತೆ, ಏರಿಳಿತ ಕಡಿಮೆಯಾಗುತ್ತೆ. ಮೆಲ್ಲಗೆ ಬಿಡುಗಡೆಯಾಗೋ ಮಾತ್ರೆಯನ್ನು 12 ಗಂಟೆಗೊಮ್ಮೆ ಕೊಟ್ಟರೂ ನಡೆಯೋದು ಅದಕ್ಕೇ. ಆದರೆ ಆ ವೇಗ ಒಂದೊಂದು ಮಾತ್ರೆಗೆ ಒಂದೊಂದು ಥರ, ಊಟದ ಮೇಲೆ ನುಂಗಿದರೂ ಬದಲಾಗಬಹುದು. ಪಿಯುಸಿ ಮಕ್ಕಳಿಗೆ ಯಾವ ಅಂಕಿ ಇಡೋದು ಅಂತ ನಾನೂ ಯೋಚಿಸಬೇಕು.

ಸಿದ್ದಾಪುರ_ರೋಬಸ್ಟಾ

ಡಿಸ್ಚಾರ್ಜ್ ಚೀಟಿ ಸಿಕ್ಕಿತು ಮೇಡಂ. ಥಿಯೋಫಿಲಿನ್ ಮಟ್ಟ 28 ಅಂತಿದೆ, ರಕ್ತ ತೆಗೆದ ಹೊತ್ತು ಬರೆದಿಲ್ಲ. ಗುರುವಾರ ಅಪ್ಪನನ್ನು ಕರ್ಕೊಂಡು ಹೋಗ್ತಿದ್ದೀನಿ, ಹೊತ್ತು ಕೇಳಿ ಬಂದು ಇಲ್ಲೇ ಹಾಕ್ತೀನಿ.