ಗೋಕರ್ಣದ ಬೈಕ್ ಪ್ರಯಾಣಕ್ಕೆ ಮುನ್ನ ಸಾಮಾನಿನ ಮಾತು

"ಚಿಕ್ಕಪ್ಪ, ಶನಿವಾರ ಬೆಂಗಳೂರಿನಿಂದ ಶಿರಸಿ ಮೇಲೆ ಗೋಕರ್ಣಕ್ಕೆ ಒಬ್ಬನೇ ಬೈಕಿನಲ್ಲಿ ಹೊರಟಿದ್ದೇನೆ. ಬ್ಯಾಗು ಕಟ್ಟಿ ಓಡಿಸಿ ನೋಡಿದರೆ 80ರ ವೇಗದಲ್ಲಿ ಹ್ಯಾಂಡಲ್ ಅಲುಗಾಡುತ್ತದೆ. ಏನು ಮಾಡಲಿ?"

ಮಗೂ, ನೀನು ಕಳಿಸಿದ ಫೋಟೊ ನೋಡಿದೆ. ಟೆಂಟು, ನೀರಿನ ಕ್ಯಾನು, ಉಪಕರಣದ ಚೀಲ ಮೂರನ್ನೂ ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿದ್ದೀಯ. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಭಾರ ಬಿದ್ದರೆ ಅದು ಸನ್ನೆಗೋಲಿನಂತೆ ಮುಂದಿನ ಚಕ್ರವನ್ನು ಹಗುರಗೊಳಿಸುತ್ತದೆ. ನೆಲದ ಹಿಡಿತ ಕಡಿಮೆಯಾದ ಆ ಚಕ್ರವೇ ಹ್ಯಾಂಡಲನ್ನು ಅಲುಗಿಸುತ್ತಿರುವ ಸಾಧ್ಯತೆ ಹೆಚ್ಚು.

ಆದ್ದರಿಂದ ಎಲ್ಲವನ್ನೂ ಬಿಚ್ಚಿ, ಮನೆಯ ತೂಕದ ಯಂತ್ರದ ಮೇಲೆ ಒಂದೊಂದೇ ಪಕ್ಕದ ಚೀಲವನ್ನು ಹಿಡಿದು ನಿಂತು, ನಿನ್ನ ತೂಕ ಕಳೆದು ನೋಡು. ಎಡಕ್ಕೆ 9 ಕಿಲೊ, ಬಲಕ್ಕೆ 5 ಕಿಲೊ ಬಂದರೆ, ಎಡದಿಂದ 2 ಕಿಲೊ ತೆಗೆದು ಬಲಕ್ಕೆ ಹಾಕಿದಾಗ ಎರಡೂ 7 ಆಗುತ್ತವೆ. ಉಪಕರಣ, ನೀರು ಮುಂತಾದ ಭಾರದ ವಸ್ತುಗಳು ಚೀಲದ ತಳದಲ್ಲಿ, ನಿನ್ನ ಕಾಲಿಗೆ ಹತ್ತಿರವಿರುವ ಬದಿಯಲ್ಲಿ ಇರಲಿ. ಕ್ಯಾರಿಯರ್ ಮೇಲೆ ಬಟ್ಟೆಯಂಥ ಹಗುರವಾದದ್ದು ಮಾತ್ರ ಸಾಕು. ಸೈಲೆನ್ಸರ್ ಇರುವ ಬದಿಯ ಚೀಲ ಅದಕ್ಕೆ ತಾಗದಂತೆ ಎತ್ತಿ ಕಟ್ಟು. ನಾನು ಒಮ್ಮೆ ಇದನ್ನು ಮರೆತು, ಚೀಲದ ತಳದ ಜೊತೆಗೆ ಮಡಚಿಟ್ಟ ಪಂಚೆಯನ್ನೂ ಸುಟ್ಟುಕೊಂಡಿದ್ದೇನೆ.

ಹಿಂದಿನ ಟೈರಿನ ಗಾಳಿಯನ್ನು, ಬೆಳಿಗ್ಗೆ ಅದು ತಣ್ಣಗಿರುವಾಗಲೇ, ಬೈಕಿನ ಕೈಪಿಡಿಯಲ್ಲಿ ಹಿಂಬದಿ ಸವಾರನೊಂದಿಗೆ ಎಂದು ಬರೆದಿರುವ ಅಳತೆಗೆ ತುಂಬಿಸು. ಇಷ್ಟಾದ ಮೇಲೂ, ಸಾಮಾನಿಲ್ಲದೆ ಓಡಿಸಿದಾಗಲೂ ಅಲುಗಾಟ ಉಳಿದರೆ ತಪ್ಪು ಸಾಮಾನಿನದಲ್ಲ. ಆಗ ನಡುಸ್ಟ್ಯಾಂಡ್ ಹಾಕಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆ. ಟಕ್ ಎಂದು ಸಡಿಲ ಸಿಕ್ಕಿದರೆ, ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗಾದ ಕೋನ್ ಸೆಟ್ ನೋಡಿಸದೆ ಹೊರಡಬೇಡ. ರಸ್ತೆಯಲ್ಲೇ ಅಲುಗಾಟ ಶುರುವಾದರೆ ಥಟ್ಟನೆ ಬ್ರೇಕ್ ಹಾಕದೆ, ಹ್ಯಾಂಡಲನ್ನು ಬಿಗಿಯಾಗಿ ಒತ್ತಿಹಿಡಿಯದೆ, ಆಕ್ಸಿಲರೇಟರನ್ನು ನಿಧಾನವಾಗಿ ಇಳಿಸು.

ನಿನ್ನದು ಕಡ್ಡಿ ಚಕ್ರದ, ಟ್ಯೂಬಿರುವ ಟೈರು. ಆದ್ದರಿಂದ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟು ನಿನಗೆ ವ್ಯರ್ಥ. ಎರಡೂ ಚಕ್ರಕ್ಕೆ ಒಂದೊಂದು ಹೊಸ ಟ್ಯೂಬು, ಟೈರು ಬಿಚ್ಚುವ ಎರಡು ಲಿವರು, ಅಚ್ಚಿನ ನಟ್ಟಿಗೆ ಸರಿಹೊಂದುವ ಸ್ಪ್ಯಾನರು, ಕಾಲಿನ ಪಂಪು, ಒಂದು ಕ್ಲಚ್ ಕೇಬಲ್ಲು, ನಾಲ್ಕು ಫ್ಯೂಸು ಇಟ್ಟುಕೊ. ಆ ಸ್ಪ್ಯಾನರಿನಿಂದ ಅಚ್ಚಿನ ನಟ್ಟು ನಿನ್ನ ಕೈಯಲ್ಲೇ ಸಡಿಲಾಗುತ್ತದೆಯೇ ಎಂದು ಮನೆಯಲ್ಲೇ ನೋಡಿಬಿಡು. ಅಂಗಡಿಯಲ್ಲಿ ಯಂತ್ರದಿಂದ ಬಿಗಿದದ್ದು ಕಾಡಿನ ನಡುವೆ ಜಪ್ಪಯ್ಯ ಅಂದರೂ ಕದಲುವುದಿಲ್ಲ.

ಬೆಳಿಗ್ಗೆ ಐದಕ್ಕೆ ಹೊರಟು ಶಿರಾ, ಚಿತ್ರದುರ್ಗ, ಹಾವೇರಿ, ಶಿರಸಿಗಳಲ್ಲಿ ತಪ್ಪದೆ ನಿಲ್ಲು. ನಡುವೆ ಸೊಂಟ ಹಿಡಿದರೆ ಇನ್ನೊಂದು ಕಡೆಯೂ ನಿಲ್ಲು. ಪ್ರತಿ ನಿಲುಗಡೆಯಲ್ಲೂ ಚಹಾಕ್ಕೆ ಹೋಗುವ ಮೊದಲು ಪಟ್ಟಿಗಳನ್ನು ಎಳೆದು ನೋಡು, ಏಕೆಂದರೆ ಮೊದಲ ನೂರು ಕಿಲೊಮೀಟರಿನಲ್ಲಿ ಚೀಲ ಕುಗ್ಗಿ ಅವು ಸಡಿಲವಾಗುತ್ತವೆ. ದೇವಿಮನೆ ಘಾಟಿ ತೆರೆದಿದೆಯೇ ಎಂದು ಶಿರಸಿಯಲ್ಲಿ ವಿಚಾರಿಸಿ, ಬೆಳಕಿರುವಾಗಲೇ ಇಳಿ. ಶುಕ್ರವಾರ ಸಂಜೆ ಸಾಮಾನು ಕಟ್ಟಿಕೊಂಡು ಇಪ್ಪತ್ತು ಕಿಲೊಮೀಟರ್ ಓಡಿಸಿ, ಹೊಸ ಫೋಟೊ ಇಲ್ಲಿಗೇ ಹಾಕು.