23 ಕಾರಣ, 10 ನಿಮಿಷ: ಮೂರಕ್ಕೆ ಇಳಿಸುವುದು ಹೇಗೆ?

ಪಟ್ಟಿ ಹಿಡಿದು ಕೂತವಳು:
ಕೆಲಸಕ್ಕೆ ಸೇರಿ ಮೂರೇ ತಿಂಗಳಲ್ಲಿ ಬಿಟ್ಟುಹೋದ 12 ಜನರ ಜೊತೆ ಮಾತಾಡಿದ್ದೇನೆ. ಕಾರಣಗಳ ಪಟ್ಟಿ 23ಕ್ಕೆ ಬಂದು ನಿಂತಿದೆ. ಮೇಲಿನವರ ಮುಂದೆ ಹೇಳಲು 10 ನಿಮಿಷ ಸಿಗುತ್ತದೆ. "ಮೂರರ ಸೂತ್ರ ಬಳಸು" ಅಂದರು. ಜನ, ಸೌಲಭ್ಯ, ತರಬೇತಿ ಅಂತ ಮೂರು ಗುಂಪು ಮಾಡಿ ಗೆಳತಿಗೆ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಅವಳಿಗೆ ಒಂದೂ ನೆನಪಿಲ್ಲ! ಎಲ್ಲಿ ತಪ್ಪಿದೆ? ಅನುಭವ ಇರುವವರು ಹೇಳಿ.

ಲೆಕ್ಕದ ಮೇಷ್ಟ್ರು:
ಮೂರರ ಸೂತ್ರ ಅಂದರೆ ತ್ರೈರಾಶಿ ತಾನೇ? ಮೂರು ಸಂಖ್ಯೆ ಗೊತ್ತಿದ್ದರೆ ನಾಲ್ಕನೆಯದು ಸಿಗುತ್ತದೆ. 12 ಜನಕ್ಕೆ 23 ಕಾರಣವಾದರೆ 100 ಜನಕ್ಕೆ ಎಷ್ಟು ಅಂತಾನಾ? ಹಾಗೆ ಲೆಕ್ಕ ಹಾಕಬೇಡಿ. ಜನ ಹೆಚ್ಚಾದ ಹಾಗೆ ಅವೇ ಕಾರಣಗಳು ಮತ್ತೆ ಮತ್ತೆ ಬರುತ್ತವೆ.

ಪಟ್ಟಿ ಹಿಡಿದು ಕೂತವಳು:
ಅಯ್ಯೋ, ಅದಲ್ಲ ಸರ್. ಹೇಳಬೇಕಾದ ಮುಖ್ಯ ಮಾತು ಮೂರೇ ಇರಲಿ ಅನ್ನೋದು.

ಚೀಟಿ ಅಂಟಿಸುವವನು:
ನಿಮ್ಮ ಗುಂಪುಗಳು ಡಬ್ಬದ ಮೇಲೆ ಅಂಟಿಸಿದ ಹೆಸರಿನ ಹಾಗಿವೆ. "ತರಬೇತಿ" ಅಂದರೆ ತರಬೇತಿಗೆ ಏನಾಗಿದೆ? ಜಾಸ್ತಿಯಾಯಿತಾ, ಸಾಲದಾಯಿತಾ, ಕೊಡಲೇ ಇಲ್ವಾ? ಡಬ್ಬ ತೆರೆಯದೆ ಗೊತ್ತಾಗುವುದಿಲ್ಲ. ನೆನಪಿಟ್ಟುಕೊಳ್ಳಲು ಅದರಲ್ಲಿ ಏನೂ ಇಲ್ಲ. ಗೆಳತಿಯನ್ನು ಬೈಯಬೇಡಿ.

ನಾನು ಮಾಡುವುದು ಹೀಗೆ. ಒಂದು ಚೀಟಿಗೆ ಒಂದೇ ಕಾರಣ, ಅವರು ಹೇಳಿದ ಮಾತಿನಲ್ಲೇ. ಮೂಲೆಯಲ್ಲಿ ಎಷ್ಟು ಜನ ಹೇಳಿದರು ಅನ್ನೋ ಸಂಖ್ಯೆ. ತಲೆಬರಹ ಮೊದಲೇ ಬರೆಯಬೇಡಿ, ಬರೆದರೆ ಚೀಟಿಗಳು ತಾವಾಗಿ ಅದರ ಕೆಳಗೆ ಹೋಗಿ ಕೂರುತ್ತವೆ. ಎರಡು ಚೀಟಿ ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಿ: ಒಂದು ಕೆಲಸ ಮಾಡಿದರೆ ಈ ಎರಡೂ ದೂರು ಹೋಗುತ್ತವಾ? ಹೌದಾದರೆ ಒಟ್ಟಿಗೆ, ಇಲ್ಲವಾದರೆ ಬೇರೆ. ಸಾಮಾನ್ಯವಾಗಿ ಆರೇಳು ಗುಡ್ಡೆ ಆಗುತ್ತವೆ. ಮೂರು ಆಗುವುದು ಎರಡನೇ ಸುತ್ತಿನಲ್ಲಿ.

ನಿಮ್ಮ ಪಟ್ಟಿಯಿಂದ ನಾಲ್ಕೈದು ಹಾಕಿ ನೋಡೋಣ.

ಪಟ್ಟಿ ಹಿಡಿದು ಕೂತವಳು:
ಲಾಗಿನ್ ಬಂದಿದ್ದು ನಾಲ್ಕನೇ ದಿನ (7 ಜನ). ಕಲಿಸಬೇಕಾದವರು ರಜೆಯಲ್ಲಿದ್ದರು (4). ಇಬ್ಬರು ಕೆಲಸ ಹಚ್ಚುತ್ತಿದ್ದರು, ಯಾರ ಮಾತು ಕೇಳಬೇಕೋ ಗೊತ್ತಾಗಲಿಲ್ಲ (6). ಎರಡು ತಿಂಗಳು ನನ್ನ ಕೆಲಸ ಸರಿಯೋ ತಪ್ಪೋ ಯಾರೂ ಹೇಳಲಿಲ್ಲ (8). ಸಂದರ್ಶನದಲ್ಲಿ ಹೇಳಿದ ಕೆಲಸವೇ ಬೇರೆ, ಕೊಟ್ಟಿದ್ದೇ ಬೇರೆ (5).

ಚೀಟಿ ಅಂಟಿಸುವವನು:
ನೋಡಿ, ಲಾಗಿನ್ನಿನ ಚೀಟಿ ನಿಮ್ಮ "ಸೌಲಭ್ಯ"ದಲ್ಲಿ ಇತ್ತು, ರಜೆಯದು "ತರಬೇತಿ"ಯಲ್ಲಿ. ನನ್ನ ಪ್ರಶ್ನೆ ಕೇಳಿದರೆ ಎರಡೂ ಒಂದೇ ಗುಡ್ಡೆ. ಹೊಸಬರು ಬರುವ ವಾರದ ಮುಂಚೆ ಒಬ್ಬರು ಕೂತು ತಯಾರಿ ನೋಡಿಕೊಂಡರೆ ಎರಡೂ ಹೋಗುತ್ತವೆ.

ಆಮೇಲೆ ಪ್ರತಿ ಗುಡ್ಡೆಗೂ ಕ್ರಿಯಾಪದ ಇರುವ ಒಂದು ಪೂರ್ತಿ ವಾಕ್ಯ ಬರೆಯಿರಿ. ಮೊದಲನೆಯದು: "ನಾವು ಹೊಸಬರಿಗೆ ತಯಾರಾಗಿರುವುದಿಲ್ಲ." ಎರಡನೆಯದು: "ಯಾರ ಮಾತು ಕೇಳಬೇಕು ಅಂತ ಹೇಳುವುದಿಲ್ಲ." ಮೂರನೆಯದು: "ಮಾಡಿದ ಕೆಲಸ ಹೇಗಿದೆ ಅಂತಲೂ ಹೇಳುವುದಿಲ್ಲ." ಮೂರಕ್ಕೂ ಒಂದೇ ಅಚ್ಚು, ನಾವು ಮಾಡದೇ ಬಿಟ್ಟ ಕೆಲಸ. ಜೊತೆಗೆ ದಿನಗಳ ಸಾಲಿನಲ್ಲೇ ಬರುತ್ತವೆ: ಬರುವ ಮುಂಚೆ, ಬಂದ ಮೇಲೆ, ಕೆಲಸ ಮಾಡಿದ ಮೇಲೆ. ಒಂದು ನೆನಪಾದರೆ ಮುಂದಿನದು ಅದರ ಹಿಂದೆಯೇ ಬರುತ್ತದೆ.

ಅರ್ಧ ಓದಿದವನು:
ಇದಕ್ಕೆ ವಿಜ್ಞಾನವೇ ಇದೆ. ಮನುಷ್ಯನ ಮೆದುಳಿಗೆ ಒಂದು ಸಲಕ್ಕೆ ಮೂರು ವಿಷಯ ಮಾತ್ರ ಹಿಡಿಯುತ್ತದೆ. ನಾಲ್ಕು ಹೇಳಿದಿರೋ, ಎಲ್ಲವೂ ಹೋಯಿತು.

ಹಳೇ ಪೆನ್ಸಿಲ್:
ಕಡಿಮೆ ಇರಲಿ ಅನ್ನೋದು ಸರಿ, ಕಾರಣ ಸರಿಯಿಲ್ಲ. ಒಂದು ಸಲಕ್ಕೆ ನೆನಪಲ್ಲಿ ಎಷ್ಟು ಹಿಡಿಯುತ್ತದೆ ಅನ್ನೋದಕ್ಕೆ 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಹೇಳಿದ್ದು ಏಳರ ಆಸುಪಾಸು. 2001ರಲ್ಲಿ ಇನ್ನೊಬ್ಬ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಮೂರು ಅಂತ ಇಬ್ಬರೂ ಗೆರೆ ಎಳೆದಿಲ್ಲ. ಮೂರರ ಪರವಾಗಿ ನನಗೆ ಗೊತ್ತಿರುವುದು ಸುಜಾನ್ ಶು ಮತ್ತು ಕರ್ಟ್ ಕಾರ್ಲ್‌ಸನ್ 2014ರಲ್ಲಿ ಪ್ರಕಟಿಸಿದ ಅಧ್ಯಯನ. ಕೇಳುವವನಿಗೆ "ಇವನು ನನ್ನನ್ನು ಒಪ್ಪಿಸಲು ನೋಡುತ್ತಿದ್ದಾನೆ" ಅಂತ ಗೊತ್ತಿದ್ದಾಗ ಮೂರು ಹೊಗಳಿಕೆ ಚೆನ್ನಾಗಿ ನಾಟುತ್ತದೆ, ನಾಲ್ಕನೆಯದು ಬಂದರೆ ಅನುಮಾನ ಶುರುವಾಗುತ್ತದೆ. ಆದರೆ ಅದು ಜಾಹೀರಾತಿನಂಥ ಮಾತಿಗೆ. ಈಕೆ ಮೇಲಿನವರಿಗೆ ಏನನ್ನೂ ಮಾರುತ್ತಿಲ್ಲ ಅಲ್ವಾ?

ಹಾಗಾಗಿ ಮೂರು ಅನ್ನೋದು ಕೈಗೆ ಹಿಡಿತ ಕೊಡುವ ಸಂಖ್ಯೆ, ಅಷ್ಟೇ. ಅದಕ್ಕೆ ಗಡಿಯಾರದ ನಿಖರತೆ ಇಲ್ಲ.

ತಪಾಸಣೆಯವಳು:
ನನ್ನದೊಂದು ಕಹಿ ಅನುಭವ. ಒಂದು ಕಟ್ಟಡದ ಸುರಕ್ಷತೆ ನೋಡಿ 31 ಲೋಪ ಬರೆದೆ. ಇದೇ ರೀತಿ ಮೂರು ಗುಂಪು ಮಾಡಿದೆ, ವಾಕ್ಯಗಳೂ ಚೆನ್ನಾಗಿಯೇ ಇದ್ದವು. "ದಿನದ ನಿರ್ವಹಣೆ ಸಡಿಲವಾಗಿದೆ" ಅನ್ನೋ ಗುಂಪಿನಲ್ಲಿ ಸುಟ್ಟ ಬಲ್ಬು, ಹರಿದ ನೆಲಹಾಸು, ಅವುಗಳ ನಡುವೆ ಬೀಗ ಹಾಕಿದ ತುರ್ತು ಬಾಗಿಲು. ಕೇಳಿದವರು ತಲೆಯಾಡಿಸಿದರು, ಮುಂದಿನ ತಿಂಗಳು ನೋಡೋಣ ಅಂದರು. ಮೂರು ವಾರ ಬಿಟ್ಟು ಹೋದರೆ ಬಾಗಿಲಿಗೆ ಅದೇ ಬೀಗ.

ಗುಂಪು ಮಾಡಿದಾಗ ಒಳಗಿರುವುದೆಲ್ಲ ಒಂದೇ ತೂಕದ್ದು ಅನ್ನಿಸುತ್ತದೆ. ಈಗ ನಾನು ಗುಂಪು ಮಾಡುವ ಮುಂಚೆಯೇ "ಇವತ್ತೇ ಆಗಬೇಕು" ಅನ್ನುವುದನ್ನು ಎತ್ತಿ ಬದಿಗಿಡುತ್ತೇನೆ. ಅದನ್ನು ಮೊದಲು, ಒಂಟಿಯಾಗಿ ಹೇಳುತ್ತೇನೆ. ಮೂರರ ಕಥೆ ಅದಾದ ಮೇಲೆ.

ಪಟ್ಟಿ ಹಿಡಿದು ಕೂತವಳು:
ನಿನ್ನೆ ರಾತ್ರಿ 23 ಚೀಟಿ ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಮೊದಲ ಸುತ್ತಿಗೆ ಏಳು ಗುಡ್ಡೆ, ಸರಿಯಾಗಿ ಹೇಳಿದಿರಿ. ಎರಡನೇ ಸುತ್ತಿಗೆ ತಯಾರಿಯ ಕೆಳಗೆ 6, ಯಾರ ಮಾತು ಅನ್ನುವುದರ ಕೆಳಗೆ 5, ಕೆಲಸ ಹೇಗಿದೆ ಅನ್ನುವುದರ ಕೆಳಗೆ 7. ಉಳಿದಿದ್ದು 5. ಅದರಲ್ಲಿ ನಾಲ್ಕು ಒಬ್ಬೊಬ್ಬರೇ ಹೇಳಿದ್ದು, ಕುರ್ಚಿ, ಫ್ಯಾನು ಅಂಥವು. ಐದನೆಯದೇ ಸಂದರ್ಶನದ್ದು. ಅದು ಎಲ್ಲೂ ಕೂರುತ್ತಿಲ್ಲ. "ಇತರೆ" ಅಂತ ಹಾಕಲಾ?

ಚೀಟಿ ಅಂಟಿಸುವವನು:
"ಇತರೆ" ಮಾತ್ರ ಬೇಡ. ಆ ನಾಲ್ಕನ್ನು ವರದಿಯ ಕೊನೆಯ ಪುಟಕ್ಕೆ ಕಳಿಸಿ, ಯಾರಾದರೂ ಕೇಳಿದರೆ ತೋರಿಸಿ. ಸಂದರ್ಶನದ್ದನ್ನು ಮೊದಲ ಗುಡ್ಡೆಗೆ ಸೇರಿಸಬಹುದು. ಬರುವ ಮುಂಚೆ ಆದ ತಪ್ಪೇ ತಾನೇ ಅದು?

ಹಳೇ ಪೆನ್ಸಿಲ್:
ನಾನು ಒಪ್ಪುವುದಿಲ್ಲ. ನಿಮ್ಮದೇ ಪ್ರಶ್ನೆ ಕೇಳಿ ನೋಡಿ. ತಯಾರಿ ಮಾಡಿದರೆ ಸಂದರ್ಶನದ ದೂರು ಹೋಗುತ್ತದಾ? ಲಾಗಿನ್ ಮೊದಲ ದಿನವೇ ಕೊಟ್ಟರೂ ಕೆಲಸ ಬೇರೆಯೇ ಆಗಿರುತ್ತದೆ. 12ರಲ್ಲಿ 5 ಜನ ಅಂದರೆ ಸಣ್ಣದೂ ಅಲ್ಲ. ನಾಲ್ಕು ಹೇಳಿ. ಮೂರರ ಅಂದಕ್ಕಾಗಿ ಒಂದನ್ನು ಸುಮ್ನೆ ತುರುಕುವುದು ಬೇಡ.

ಚೀಟಿ ಅಂಟಿಸುವವನು:
ಅದೂ ನಿಜ. ಆದರೆ 10 ನಿಮಿಷಕ್ಕೆ ನಾಲ್ಕಾದರೆ ಒಂದಕ್ಕೆ ಎರಡೂವರೆ ನಿಮಿಷ, ಪ್ರಶ್ನೆಗೆ ಜಾಗವೇ ಇಲ್ಲ. ಒಂದು ಪರೀಕ್ಷೆ ಮಾಡಿ. ವಿಷಯ ಗೊತ್ತಿಲ್ಲದವರಿಗೆ ಸಂದರ್ಶನದ ಚೀಟಿಯನ್ನೂ ಮೂರು ವಾಕ್ಯಗಳನ್ನೂ ಕೊಡಿ. ಎಲ್ಲಿಡುತ್ತೀರಿ ಅಂತ ಕೇಳಿ. ತಕ್ಷಣ ಇಟ್ಟರೆ ಸರಿ. ಚೀಟಿ ಹಿಡಿದು ಅತ್ತಿತ್ತ ನೋಡಿದರೆ ಪೆನ್ಸಿಲ್ ಅವರ ಮಾತೇ ಕೇಳಿ.

ಪಟ್ಟಿ ಹಿಡಿದು ಕೂತವಳು:
ಅದೇ ಗೆಳತಿಗೆ ಕೊಟ್ಟೆ. ಮೊದಲನೆಯದರ ಕೆಳಗೆ ಇಟ್ಟಳು, ಮತ್ತೆ ತೆಗೆದಳು, "ಇದು ತಯಾರಿ ಅಲ್ಲ ಕಣೇ, ಮೋಸ" ಅಂದಳು. ಹೊರಡುವಾಗ ಮೂರೂ ವಾಕ್ಯ ತಾನಾಗಿ ಹೇಳಿದಳು, ಜೊತೆಗೆ ಆ "ಮೋಸ"ವನ್ನೂ. ಗುರುವಾರ ಸಭೆ. ಇನ್ನೂ ಮೂರೋ ನಾಲ್ಕೋ ಗೊತ್ತಿಲ್ಲ.